ನೂರಕ್ಕೆ ಎಂಬತ್ತೆರಡು

ನಿಜ ಹೇಳಿದ ಮಕ್ಕಳಿಗೆ ಕೊನೆಗೆ ಎಲ್ಲವೂ ಒಳ್ಳೆಯದಾಗುವ ಕಥೆಗಳನ್ನು ನಾನೂ ಬೇಕಾದಷ್ಟು ಓದಿದ್ದೇನೆ. ತಪ್ಪು ಮಾಡಿದ ಹುಡುಗ ಒಪ್ಪಿಕೊಳ್ಳುತ್ತಾನೆ, ದೊಡ್ಡವರು ಬೆನ್ನು ತಟ್ಟುತ್ತಾರೆ, ಪುಸ್ತಕ ಮುಗಿಯುತ್ತದೆ. ಅವನ್ನು ಬರೆದವರು ಒಂದು ದಿನವಾದರೂ ಮಾರುಕಟ್ಟೆಯಲ್ಲಿ ಅಂಗಡಿ ಹಾಕಿ ಕೂತಿದ್ದರೋ ಇಲ್ಲವೋ, ನನಗೆ ಅನುಮಾನ. ಹದಿಮೂರನೇ ವಯಸ್ಸಿನಲ್ಲಿ, ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ್ದ ಒಂದು ದಿನ, ನಾನು ನಿಜ ಹೇಳಿದೆ. ನನ್ನ ಬೆನ್ನು ಯಾರೂ ತಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಮ್ಮದು ಬೀಜದ ಅಂಗಡಿ. ಮೂರನೇ ಸಾಲಿನಲ್ಲಿ, ತಗಡಿನ ಮಾಡಿನ ಕೆಳಗೆ ಒಂದು ಉದ್ದ ಮೇಜು. ಮೇಜಿನ ಮೇಲೆ ಹನ್ನೆರಡು ಡಬ್ಬಿ. ಮೇಜಿನ ಹಿಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಅಮ್ಮ. ಟೊಮೆಟೊ, ಎಲೆಕೋಸು, ಕ್ಯಾರೆಟ್, ಮೂಲಂಗಿ, ಬೀನ್ಸ್, ಬೀಟ್‌ರೂಟ್, ಈರುಳ್ಳಿ, ಹೀಗೆ ತರಕಾರಿ ಬೀಜಗಳು. ಗಿರಾಕಿ ಕೇಳಿದಷ್ಟನ್ನು ಅಮ್ಮ ಚಮಚದಲ್ಲಿ ಅಳೆದು, ಹಳೇ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಬೀಜ ಮಾರುವವರು ಆ ಸಾಲಿನಲ್ಲೇ ಇನ್ನೂ ನಾಲ್ಕು ಮಂದಿ ಇದ್ದರು. ಆದರೂ ಜನ ನಮ್ಮಲ್ಲಿಗೇ ಬರುತ್ತಿದ್ದುದಕ್ಕೆ ಕಾರಣ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿ. ಚೀಟಿಯಲ್ಲಿ ಒಂದು ಅಂಕಿ. ನೂರು ಬೀಜ ಬಿತ್ತಿದರೆ ಎಷ್ಟು ಮೊಳೆಯುತ್ತವೆ ಎಂಬ ಅಂಕಿ.

ಇದು ಯಾಕೆ ಇಷ್ಟು ಮುಖ್ಯ ಎಂದರೆ, ಬೀಜದ ಮುಖ ನೋಡಿ ಏನೂ ಹೇಳಲಾಗುವುದಿಲ್ಲ. ಬದುಕಿರುವ ಬೀಜ, ಸತ್ತ ಬೀಜ ಎರಡೂ ಒಂದೇ ಬಣ್ಣ, ಒಂದೇ ಗಾತ್ರ, ಒಂದೇ ಹೊಳಪು. ನೀರಿಗೆ ಹಾಕಿ ಮುಳುಗಿದರೆ ಒಳ್ಳೆಯದು, ತೇಲಿದರೆ ಜೊಳ್ಳು ಅನ್ನುವವರಿದ್ದಾರೆ. ಅಮ್ಮ ಅದನ್ನು ಕೇಳಿ ನಗುತ್ತಿದ್ದಳು. "ಸತ್ತಿದ್ದೂ ಮುಳುಗುತ್ತೆ, ಬದುಕಿದ್ದೂ ಮುಳುಗುತ್ತೆ. ಅದಕ್ಕೇನು ಗೊತ್ತು," ಅನ್ನುತ್ತಿದ್ದಳು. ಗೊತ್ತಾಗಬೇಕಾದರೆ ಇರುವುದು ಒಂದೇ ದಾರಿ. ಮೊಳೆಸಿಯೇ ನೋಡಬೇಕು.

ಆ ಮೊಳೆಸುವ ಕೆಲಸ ನನ್ನದು. ಅಮ್ಮನ ಕಣ್ಣಿಗೆ ಹತ್ತಿರದ್ದು ಮಂಜಾಗತೊಡಗಿದಾಗ, ನನಗೆ ಹನ್ನೊಂದು ವರ್ಷವಿದ್ದಾಗ, ಅದನ್ನು ನನಗೆ ಒಪ್ಪಿಸಿದಳು. ಕಲಿಸಿದ್ದು ಮಾತ್ರ ಸುಮ್ಮನೆ ಅಲ್ಲ, ಕಿವಿ ಹಿಂಡಿ ಕಲಿಸಿದಳು. ಚೀಲದ ಮೇಲಿನಿಂದಷ್ಟೇ ಬೀಜ ತೆಗೆಯಕೂಡದು. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಉದ್ದ ಸೌಟು ಇಳಿಸಿ ತೆಗೆದು ಬೆರೆಸಬೇಕು. ಎಣಿಸುವಾಗ ದುಂಡಗಿರುವುದನ್ನು ಆರಿಸಕೂಡದು. ಬೆರಳಿಗೆ ಸಿಕ್ಕಿದ್ದನ್ನೇ ಇಡಬೇಕು. ಹತ್ತಿ ಬಟ್ಟೆಯನ್ನು ನೆನೆಸಿ, ಒಂದು ಹನಿಯೂ ಬೀಳದಷ್ಟು ಹಿಂಡಿ, ಹಾಸಿ, ಹತ್ತು ಸಾಲು, ಸಾಲಿಗೆ ಹತ್ತು ಬೀಜ. ಆಮೇಲೆ ಚಾಪೆಯ ಹಾಗೆ ಸುತ್ತಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಚಿಮುಕಿಸಬೇಕು. ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಕೊನೆಗೆ ಬಿಚ್ಚಿ ಎಣಿಸುವಾಗ, ಸಿಪ್ಪೆ ಬಿರಿದು ಸುಮ್ಮನೆ ಕೂತದ್ದು ಲೆಕ್ಕಕ್ಕಿಲ್ಲ. ಬೇರೂ ಬಂದು ಕುಡಿಯೂ ಬಂದದ್ದು ಮಾತ್ರ ಒಂದು. ಅರ್ಧಂಬರ್ಧ ಬಂದದ್ದಕ್ಕೆ ಕನಿಕರ ತೋರಿಸಿ ನಾನು ಒಂದೆರಡು ಸೇರಿಸಿದರೆ ಅಮ್ಮ ಹೇಗೋ ಕಂಡುಹಿಡಿಯುತ್ತಿದ್ದಳು.

"ನೀನು ಇಲ್ಲಿ ಪಾಪ ಅಂದ್ರೆ ಅಲ್ಲಿ ಯಾರದೋ ಸಸಿಮಡಿ ಬೋಳಾಗುತ್ತೆ," ಅನ್ನುತ್ತಿದ್ದಳು.

ಹಾಗೆ ಎರಡು ವರ್ಷ ಎಣಿಸಿದೆ. ಮಾರುಕಟ್ಟೆಯಲ್ಲಿ ನನ್ನ ಹೆಸರೇ ಮರೆತುಹೋಗಿ ಎಲ್ಲರೂ 'ಚೀಟಿ ಪುಟ್ಟಿ' ಅನ್ನತೊಡಗಿದರು. ಚೀಟಿ ಬರೆಯುತ್ತಿದ್ದವಳೂ ನಾನೇ. ಅಮ್ಮ ಮತ್ತೊಮ್ಮೆ ಎಣಿಸುತ್ತಿರಲಿಲ್ಲ, "ಎಷ್ಟು?" ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅಷ್ಟೇ. ಶಾಲೆಯಲ್ಲಿ ನನ್ನ ವಯಸ್ಸಿನವರಿಗೆ ಮನೆಯವರು ಹಾಲು ತರಲು ಕಳಿಸುವುದಕ್ಕೂ ಹತ್ತು ಸಲ ಯೋಚಿಸುತ್ತಿದ್ದರು. ನನ್ನ ಒಂದು ಮಾತಿನ ಮೇಲೆ ಊರಿನ ತೋಟಗಳೆಲ್ಲ ಬಿತ್ತನೆಯಾಗುತ್ತಿದ್ದವು. ಜಂಬ ಇರಲಿಲ್ಲ ಎಂದರೆ ಅದೂ ಸುಳ್ಳೇ ಆಗುತ್ತದೆ.

ಆ ವರ್ಷ ಬಿತ್ತನೆಯ ದೊಡ್ಡ ಸಂತೆಗೆ ಇಪ್ಪತ್ತು ದಿನ ಮುಂಚೆ ಈರುಳ್ಳಿ ಬೀಜದ ಚೀಲ ಬಂತು. ಸಗಟು ವ್ಯಾಪಾರಿ ಯಾವಾಗಲೂ ಒಂದೇ ದೊಡ್ಡ ಚೀಲ ಕಳಿಸುತ್ತಿದ್ದ. ನಮಗೆ ಅರ್ಧ ಸಾಕು. ಇನ್ನರ್ಧವನ್ನು ಪಕ್ಕದ ಅಂಗಡಿಯವನು ತೆಗೆದುಕೊಳ್ಳುತ್ತಿದ್ದ. ಅವನನ್ನು ನಾನು ಮಾವ ಎನ್ನುತ್ತಿದ್ದೆ. ಮಾವ ಚಮಚದಲ್ಲಿ ಅಳೆಯುವವನಲ್ಲ. ಬಣ್ಣಬಣ್ಣದ ಪೊಟ್ಟಣಗಳನ್ನು ಅಚ್ಚುಹಾಕಿಸಿ, ಅದರಲ್ಲಿ ತುಂಬಿ, ಅಂಟಿಸಿ ಮಾರುವವನು. ಅವನ ಪೊಟ್ಟಣಗಳ ಮೇಲೆಲ್ಲ 'ನೂರಕ್ಕೆ ತೊಂಬತ್ತು' ಎಂದೇ ಇರುತ್ತಿತ್ತು. ಮೂಲಂಗಿಗೂ ತೊಂಬತ್ತು, ಕ್ಯಾರೆಟ್ಟಿಗೂ ತೊಂಬತ್ತು. "ಅಚ್ಚಿನ ಮನೆಯವನು ಒಂದೇ ಅಚ್ಚು ಮಾಡಿದ್ದಾನೆ, ನಾನೇನು ಮಾಡ್ಲಿ," ಎಂದು ಅವನೇ ನಗುತ್ತಿದ್ದ.

ಈರುಳ್ಳಿ ಬೀಜ ಬೇರೆ ಬೀಜಗಳಂತಲ್ಲ. ಕಪ್ಪಗೆ, ಮೂಲೆಮೂಲೆಯಾಗಿ, ಗಟ್ಟಿಯಾಗಿ ಕಾಣುತ್ತದೆ. ಒಳಗೆ ಬಹಳ ನಾಜೂಕು. ಟೊಮೆಟೊ ಬೀಜ ಡಬ್ಬಿಯಲ್ಲಿ ನಾಲ್ಕು ವರ್ಷ ಬದುಕಿದರೆ ಈರುಳ್ಳಿಯದ್ದು ಒಂದೇ ವರ್ಷಕ್ಕೆ ಅರ್ಧಕ್ಕರ್ಧ ಸಾಯುತ್ತದೆ. ಗೋದಾಮಿನಲ್ಲಿ ಥಂಡಿ ತಗುಲಿದರೆ ಇನ್ನೂ ಬೇಗ. ಮೊಳೆಯುವುದಕ್ಕೂ ನಿಧಾನ; ಆರನೇ ದಿನ ಒಮ್ಮೆ ನೋಡಿ, ಹನ್ನೆರಡನೇ ದಿನ ಕೊನೆಯ ಎಣಿಕೆ ಮಾಡಬೇಕು. ನಾನು ಬಟ್ಟೆ ಸುತ್ತಿಟ್ಟೆ. ಮೊದಲ ನಾಲ್ಕು ದಿನ ಸರಿಯಾಗಿ ನೀರು ಚಿಮುಕಿಸಿದೆ. ಐದನೇ ದಿನ ಶಾಲೆಯಲ್ಲಿ ಓಟದ ಪಂದ್ಯಗಳ ಅಭ್ಯಾಸ ಶುರುವಾಯಿತು. ನನಗೆ ರಿಲೇ ಓಟದಲ್ಲಿ ಕೊನೆಯ ಸುತ್ತು ಸಿಕ್ಕಿತ್ತು. ಬೆಳಿಗ್ಗೆ ಎದ್ದರೆ ಮೈದಾನ, ಸಂಜೆ ಬಂದರೆ ನಿದ್ದೆ. ಎಂಟನೇ ದಿನ ಪೆಟ್ಟಿಗೆ ತೆರೆದಾಗ ಬಟ್ಟೆ ಹಪ್ಪಳದಂತೆ ಒಣಗಿ ಗಟ್ಟಿಯಾಗಿತ್ತು. ಬೀಜಗಳು ಬಾಯಿಬಿಟ್ಟುಕೊಂಡು ಹಾಗೇ ಸತ್ತಿದ್ದವು. ಅವು ತಾವಾಗಿ ಸತ್ತವೋ, ನಾನು ಸಾಯಿಸಿದೆನೋ ತಿಳಿಯುವಂತಿರಲಿಲ್ಲ.

ಆಗಲೇ ಅಮ್ಮನಿಗೆ ಹೇಳಬಹುದಿತ್ತು. ನಾಲ್ಕು ಬೈಗುಳ ಬೀಳುತ್ತಿತ್ತು, ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಗುಟ್ಟಾಗಿ ಇನ್ನೊಂದು ಬಟ್ಟೆ ಸುತ್ತಿ, ಅಟ್ಟದ ಮೇಲಿನ ಹಳೇ ಪುಸ್ತಕಗಳ ಹಿಂದೆ ಇಟ್ಟೆ. ಅದರ ಹನ್ನೆರಡನೇ ದಿನ ಸರಿಯಾಗಿ ಬಿತ್ತನೆಯ ದೊಡ್ಡ ಸಂತೆಯ ಬೆಳಿಗ್ಗೆಗೆ ಬರುತ್ತಿತ್ತು. ಆದರೆ ಅಮ್ಮ ಅಷ್ಟರವರೆಗೆ ಕಾಯುತ್ತಾಳೆಯೇ? ಮೊದಲ ಬಟ್ಟೆಯ ಹನ್ನೆರಡನೇ ದಿನವೇ, ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ಈರುಳ್ಳಿ ಎಷ್ಟು ಬಂತು?"

"ಎಂಬತ್ತೆರಡು," ಅಂದೆ.

ಆ ಅಂಕಿ ಎಲ್ಲಿಂದ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ವ್ಯಾಪಾರಿಯ ಬೀಜ ಹಿಂದಿನ ಎರಡು ವರ್ಷವೂ ಎಂಬತ್ತರ ಮೇಲೇ ಬಂದಿತ್ತು, ಅದು ನಿಜ. ಆದರೆ ಎಂಬತ್ತು ಎನ್ನದೆ ಎಂಬತ್ತೆರಡು ಎಂದದ್ದು ಯಾಕೆಂದರೆ, ಎಂಬತ್ತು ಎಂದರೆ ಅಂದಾಜು ಹೇಳಿದಂತಾಗುತ್ತದೆ. ಎಂಬತ್ತೆರಡು ಎಂದರೆ ಎಣಿಸಿದಂತಾಗುತ್ತದೆ. ಸುಳ್ಳು ಹೇಳುವುದನ್ನು ಯಾರೂ ನನಗೆ ಕಲಿಸಿರಲಿಲ್ಲ, ತಾನಾಗಿಯೇ ಬಂತು.

"ಚೀಟಿ ಬರಿ," ಅಂದಳು ಅಮ್ಮ. ಬರೆದೆ.

ಗುಟ್ಟಿನ ಬಟ್ಟೆಯನ್ನು ಆರನೇ ದಿನ ಬಿಚ್ಚಿ ನೋಡಿದಾಗ ಹತ್ತೊಂಬತ್ತು ಬಂದಿದ್ದವು. ಉಳಿದವು ಸೋಮಾರಿಗಳು, ನಿಧಾನವಾಗಿ ಬರುತ್ತವೆ ಎಂದುಕೊಂಡೆ. ಬರಲಿ ಬರಲಿ ಎಂದು ದಿನಕ್ಕೆ ಎರಡು ಸಲ ತಪ್ಪದೆ ನೀರು ಚಿಮುಕಿಸಿದೆ. ರಿಲೇ ಓಟವನ್ನೂ ಬಿಟ್ಟೆ.

ಬಿತ್ತನೆಯ ದೊಡ್ಡ ಸಂತೆ ಬಂತು. ವರ್ಷದಲ್ಲಿ ಅದೊಂದು ದಿನ ನಮಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅಮ್ಮ ನಸುಕಿಗೇ ಡಬ್ಬಿಗಳ ಗಾಡಿ ತಳ್ಳಿಕೊಂಡು ಹೋಗಿದ್ದಳು. ಊಟದ ಡಬ್ಬಿ ಮತ್ತು ನೀರಿನ ತಂಬಿಗೆ ತರುವುದು ನನ್ನ ಪಾಲು. ಅಪ್ಪ ಐಸ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದರು. ಅವರಿಗೆ ಎಚ್ಚರವಾಗದಂತೆ ಬಟ್ಟೆ ಇಳಿಸಿ, ಬಚ್ಚಲಿನ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಹರಡಿ ಎಣಿಸಿದೆ. ಮೂವತ್ತನಾಲ್ಕು. ಮತ್ತೆ ಎಣಿಸಿದೆ. ಬರೀ ಬಿರಿದದ್ದನ್ನೂ ಸೇರಿಸಿ, ಬೇರು ಬಂದು ಕೊಳೆತದ್ದನ್ನೂ ಸೇರಿಸಿ, ಅಮ್ಮ ಬೇಡವೆಂದ ಪಾಪವನ್ನೆಲ್ಲ ಅಂದು ನೋಡಿದೆ. ಆಗಲೂ ನಲವತ್ತೊಂದು ದಾಟಲಿಲ್ಲ.

ಮನೆಯಿಂದ ಮಾರುಕಟ್ಟೆಗೆ ಕಾಲು ಗಂಟೆಯ ದಾರಿ. ಆ ಕಾಲು ಗಂಟೆಯಲ್ಲಿ ನನ್ನ ತಲೆ ಎಂದೂ ಓಡದಷ್ಟು ಓಡಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಇದು ಮೊದಲು ಬಂದ ಯೋಚನೆ. ಬೀಜ ಮಣ್ಣಿಗೆ ಬಿದ್ದ ಮೇಲೆ ಸಾಕ್ಷಿಯೇ ಇಲ್ಲ. ಇರುವೆ ತಿಂದಿತು, ಆಳ ಹೆಚ್ಚಾಯಿತು, ನೀರು ಹೆಚ್ಚಾಯಿತು, ಬಿಸಿಲು ಹೆಚ್ಚಾಯಿತು, ಹೇಳಲು ನೂರು ನೆಪ. ಅದು ಮನಸ್ಸಿಗೆ ಒಗ್ಗಲಿಲ್ಲ. ಎರಡನೆಯದು ಇನ್ನೂ ಜಾಣತನದ್ದು. ಕೈಯಲ್ಲಿ ನೀರಿನ ತಂಬಿಗೆ ಇದೆ. ಜನರ ನೂಕಾಟದಲ್ಲಿ ಎಡವಿದಂತೆ ಮಾಡಿ ಈರುಳ್ಳಿ ಡಬ್ಬಿಯೊಳಗೆ ನೀರು ಚೆಲ್ಲಿಬಿಟ್ಟರೆ? ನೆನೆದ ಬೀಜವನ್ನು ಮಾರುವಂತಿಲ್ಲ. ಅಮ್ಮ ಕಣ್ಣು ಕೆಂಪಗೆ ಮಾಡುತ್ತಾಳೆ, ಕೈಲಾಗದವಳು ಅನ್ನುತ್ತಾಳೆ. ಸುಳ್ಳಿ ಅನ್ನುವುದಿಲ್ಲ. ಆ ಉಪಾಯ ಹೊಳೆದಾಗ ನನಗೆ ಎಷ್ಟು ಹಾಯೆನಿಸಿತೆಂದರೆ, ಉಳಿದ ದಾರಿಯನ್ನು ಓಡಿಕೊಂಡೇ ಹೋದೆ.

ಅಂಗಡಿಯ ಮುಂದೆ ಜನ ಮೂರು ಸಾಲಾಗಿ ನಿಂತಿದ್ದರು. ಮೇಜಿನ ಕೆಳಗೆ ನುಸುಳಿ ಅಮ್ಮನ ಪಕ್ಕಕ್ಕೆ ಬಂದೆ. ಈರುಳ್ಳಿ ಡಬ್ಬಿಯ ಮುಚ್ಚಳ ಆಗಲೇ ತೆರೆದಿತ್ತು. ಬೀಜ ಕಂಠದಿಂದ ನಾಲ್ಕು ಬೆರಳು ಕೆಳಗಿಳಿದಿತ್ತು.

"ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ? ಈರುಳ್ಳಿ ಮೂರು ಜನಕ್ಕೆ ಕೊಟ್ಟಾಯ್ತು. ಪೊಟ್ಟಣದ ಕಾಗದ ಹರಿ," ಅಂದಳು ಅಮ್ಮ.

ಮೂರು ಜನ. ನನ್ನ ನೀರಿನ ಉಪಾಯ ಅಲ್ಲಿಗೆ ಮುಗಿಯಿತು. ಡಬ್ಬಿಯಲ್ಲಿ ಉಳಿದದ್ದನ್ನು ನೆನೆಸಬಹುದು. ಆಗಲೇ ಯಾರದೋ ಚೀಲದಲ್ಲಿ ಕೂತು ಮನೆಗೆ ಹೋಗುತ್ತಿದ್ದುದನ್ನು ಏನು ಮಾಡಲಿ? ತಂಬಿಗೆಯನ್ನು ಸ್ಟೂಲಿನ ಕೆಳಗಿಟ್ಟು ಕಾಗದ ಹರಿಯುತ್ತಾ ನಿಂತೆ. ಹರಿದ ತುಂಡುಗಳೆಲ್ಲ ಸೊಟ್ಟಸೊಟ್ಟ.

ಆಗ ಸಸಿ ತಾತ ಬಂದರು. ಊರಾಚೆ ಅವರಿಗೆ ಆರು ಮಡಿಗಳಷ್ಟೇ ಜಾಗ. ಆ ಮಡಿಗಳಲ್ಲಿ ಈರುಳ್ಳಿ ಸಸಿ ಎಬ್ಬಿಸಿ, ಕಟ್ಟು ಕಟ್ಟಿ, ನಾಟಿ ಮಾಡುವವರಿಗೆ ಮಾರುವುದು ಅವರ ಬದುಕು. ಬಿತ್ತಿ ಏಳು ವಾರಕ್ಕೆ ಸಸಿ ಕೈಗೆ ಬರಬೇಕು. ಎರಡು ವಾರ ತಡವಾದರೆ ನಾಟಿಯ ಕಾಲ ಮುಗಿದು ಕೇಳುವವರೇ ಇರುವುದಿಲ್ಲ. ಅಂದರೆ ಅವರಿಗೆ ವರ್ಷಕ್ಕೆ ಒಂದೇ ಬಿತ್ತನೆ, ಒಂದೇ ಅವಕಾಶ. ನಮ್ಮ ಚೀಟಿಯ ಅಂಕಿಯನ್ನು ಅವರಷ್ಟು ಚೆನ್ನಾಗಿ ಬಳಸಿಕೊಳ್ಳುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಅಂಕಿ ದೊಡ್ಡದಾದರೆ ತೆಳ್ಳಗೆ ಬಿತ್ತುತ್ತಿದ್ದರು, ಸಣ್ಣದಾದರೆ ದಟ್ಟವಾಗಿ.

"ಈ ಸಲ ಎಷ್ಟಮ್ಮಾ?" ಎಂದು ಕೇಳಿ, ಚೀಟಿಯತ್ತ ಬಾಗಿ ಓದಿದರು. "ಎಂಬತ್ತೆರಡು. ಹಾಗಾದ್ರೆ ಮಡಿಗೆ ನಾಲ್ಕು ಚಮಚ ಸಾಕು. ಇಪ್ಪತ್ನಾಲ್ಕು ಹಾಕು."

ಅವರ ಹಿಂದೆ ನಿಂತಿದ್ದವನೊಬ್ಬ, ಹೊಸಬನಿರಬೇಕು, "ಅಂಕಿ ಬರೆದಿದ್ರೆ ಆಯ್ತಾ? ಯಾರು ನೋಡಿದ್ದಾರೆ?" ಅಂದ.

ಅಮ್ಮ ಚಮಚ ತುಂಬುತ್ತಲೇ ತಲೆ ಎತ್ತಿದಳು. "ನನ್ನ ಮಗಳು ನೋಡಿದ್ದಾಳೆ. ಒಂದೊಂದೇ ಎಣಿಸಿ ಬರೆದಿದ್ದಾಳೆ. ಅವಳ ಲೆಕ್ಕ ನನ್ನ ಲೆಕ್ಕಕ್ಕಿಂತ ಗಟ್ಟಿ," ಅಂದಳು.

ಅಮ್ಮ ಹೊಗಳುವವಳಲ್ಲ. ಎರಡು ವರ್ಷದಲ್ಲಿ ನನ್ನನ್ನು ಮೆಚ್ಚಿ ಒಂದು ಮಾತು ಆಡಿದವಳಲ್ಲ. ಆಡಿದ್ದು ಆ ದಿನವೇ. ನನಗೆ ಅಳುವೇ ಬಂತು. ಚಮಚ ಹನ್ನೊಂದಾಯಿತು, ಹನ್ನೆರಡಾಯಿತು. ತಾತನ ಬಟ್ಟೆಯ ಚೀಲದೊಳಗೆ ಬೀಜ ಸರಸರ ಇಳಿಯುತ್ತಿತ್ತು.

"ಅಮ್ಮಾ, ಅದು ಎಂಬತ್ತೆರಡಲ್ಲ," ಅಂದೆ.

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. "ಏನು?"

"ಮೂವತ್ತನಾಲ್ಕು. ಇವತ್ತು ಬೆಳಿಗ್ಗೆ ಎಣಿಸಿದೆ. ಮೊದಲನೇ ಬಟ್ಟೆ ಒಣಗಿಹೋಗಿತ್ತು, ನಾನು ನೀರು ಹಾಕೋದು ಮರೆತಿದ್ದೆ. ನೀನು ಕೇಳ್ದಾಗ ಸುಮ್ನೆ ಒಂದು ಅಂಕಿ ಹೇಳಿಬಿಟ್ಟೆ."

ಇಷ್ಟನ್ನು ಒಂದೇ ಉಸಿರಿಗೆ, ಮೇಜಿನ ಅಂಚು ನೋಡುತ್ತಾ ಹೇಳಿದೆ. ಮುಂದಿನ ಸಾಲಿನವರಿಗೆ ಕೇಳಿಸಿತು, ಅವರು ಹಿಂದಿನವರಿಗೆ ಹೇಳಿದರು. ಪಕ್ಕದ ಅಂಗಡಿಯಲ್ಲಿ ಪೊಟ್ಟಣ ಜೋಡಿಸುತ್ತಿದ್ದ ಮಾವನ ಕಿವಿಯೂ ನೆಟ್ಟಗಾದದ್ದನ್ನು ನಾನು ಕಂಡೆ.

ಅಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ತಾತನ ಚೀಲದ ಬೀಜವನ್ನು ಹಾಗೇ ಡಬ್ಬಿಗೆ ಸುರಿದುಕೊಂಡು ಮುಚ್ಚಳ ಹಾಕಿದಳು. "ಮೂವತ್ತನಾಲ್ಕರ ಬೀಜ ನಾನು ಮಾರಲ್ಲ ತಾತ. ದಟ್ಟವಾಗಿ ಬಿತ್ತಿದ್ರೂ ಬರೋ ಆ ಮೂವತ್ತನಾಲ್ಕಕ್ಕೂ ಶಕ್ತಿ ಇರಲ್ಲ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, ತೀರ ಸಣ್ಣ ದನಿಯಲ್ಲಿ, "ಬೆಳಿಗ್ಗೆ ತಗೊಂಡೋರು ಮೂರು ಜನ. ಕಿತ್ತಳೆ ಬಣ್ಣದ ಕೊಡೆ ಹಿಡಿದ ಹೆಂಗಸು. ಸೈಕಲ್ಲಿಗೆ ಮೊಟ್ಟೆ ಬುಟ್ಟಿ ಕಟ್ಕೊಂಡಿದ್ದೋನು. ಇನ್ನೊಬ್ರ ಕೈಲಿ ಹಸಿರು ಚೀಲ ಇತ್ತು, ಮುಖ ನೆನಪಿಲ್ಲ. ಈ ದುಡ್ಡು ತಗೊಂಡು ಹೋಗು, ಹುಡುಕಿ ವಾಪಸ್ ಕೊಡು," ಅಂದಳು.

ಓಡಿದೆ. ಕೊಡೆಯವಳು ಪಾತ್ರೆ ಸಾಲಿನಲ್ಲಿ ಸಿಕ್ಕಿದಳು. ಪೊಟ್ಟಣ ಹಿಂದಿರುಗಿಸುವಾಗ, "ಚಿಕ್ಕ ಹುಡುಗಿ, ಈಗಲೇ ಇಷ್ಟು ಧೈರ್ಯಾನಾ?" ಅಂದಳು. ಸುಳ್ಳು ಹೇಳಿದ ಧೈರ್ಯವೋ ನಿಜ ಹೇಳಿದ ಧೈರ್ಯವೋ, ಕೇಳದೆ ಮುಂದಕ್ಕೆ ಓಡಿದೆ. ಸೈಕಲ್ಲಿನವನು ಗೇಟಿನ ಹತ್ತಿರ ಸಿಕ್ಕಿದ. ಹಸಿರು ಚೀಲದವರು ಸಿಗಲಿಲ್ಲ. ಹಸಿರು ಚೀಲ ಹಿಡಿದವರು ಆ ಮಾರುಕಟ್ಟೆಯಲ್ಲಿ ನೂರು ಜನರಿದ್ದರು. ನಲವತ್ತು ಜನರನ್ನಾದರೂ ತಡೆದು ಕೇಳಿದ್ದೇನೆ. ಆ ಮೂರನೆಯವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಏದುಸಿರು ಬಿಡುತ್ತಾ ಹಿಂದಿರುಗಿದಾಗ ಅಂಗಡಿಯ ಮುಂದೆ ಜನ ಇದ್ದರು, ಆದರೆ ಯಾರೂ ಏನೂ ಕೊಳ್ಳುತ್ತಿರಲಿಲ್ಲ. ಆ ಹೊಸಬ ಕೇಳುತ್ತಿದ್ದ.

"ಸರಿ, ಈರುಳ್ಳಿ ಬಿಡಿ. ಈ ಎಲೆಕೋಸಿಗೆ ಎಂಬತ್ತೊಂದು ಅಂತ ಬರೆದಿದ್ದೀರಲ್ಲ, ಅದನ್ನ ಎಣಿಸಿದ್ದು ಯಾರು?"

"ಅವಳೇ," ಅಂದಳು ಅಮ್ಮ.

"ಕ್ಯಾರೆಟ್ಟು?"

"ಅವಳೇ."

"ಮೂಲಂಗಿ?"

ನಾನು ಮೇಜಿನ ಈಚೆಯಿಂದಲೇ, "ಅವೆಲ್ಲ ಸರಿ ಇವೆ. ಈರುಳ್ಳಿ ಒಂದೇ ತಪ್ಪು. ಬೇರೆಲ್ಲ ನಿಜವಾಗ್ಲೂ ಎಣಿಸಿದ್ದೀನಿ," ಅಂದೆ. ನನ್ನ ದನಿ ನನಗೇ ಸುಳ್ಳಿಯ ದನಿಯಂತೆ ಕೇಳಿಸಿತು. ಎಂಬತ್ತೆರಡು ಎಂದಾಗಲೂ ಇಷ್ಟೇ ಗಟ್ಟಿಯಾಗಿ ಹೇಳಿದ್ದೆನಲ್ಲ. ಹೊಸಬ ನನ್ನನ್ನು ನೋಡಿ ನಕ್ಕ. ಕೆಟ್ಟ ನಗುವೂ ಅಲ್ಲ. ನಾನು ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಅಮ್ಮ ಎದ್ದು ನಿಂತಳು. ಒಂದು ತುದಿಯಿಂದ ಶುರುಮಾಡಿ, ಉಗುರಿನಿಂದ ಕೆರೆದು, ಹನ್ನೆರಡು ಡಬ್ಬಿಯ ಚೀಟಿಗಳನ್ನೂ ಕಿತ್ತು ತೆಗೆದಳು. "ಇವತ್ತು ನನ್ನ ಹತ್ರ ಯಾವುದಕ್ಕೂ ಅಂಕಿ ಇಲ್ಲ. ಬೇಕಾದೋರು ತಗೊಳ್ಳಿ, ಬೇಡದೋರು ಬಿಡಿ," ಅಂದಳು. ಹನ್ನೊಂದು ಡಬ್ಬಿಯ ನಿಜವಾದ ಎಣಿಕೆ, ನನ್ನ ಎಷ್ಟೋ ಬೆಳಿಗ್ಗೆ ಸಂಜೆಗಳು, ಅವಳ ಉಗುರಿನ ಸಂದಿಯಲ್ಲಿ ಅಂಟಾಗಿ ಉಳಿದವು.

ಜನ ಬಿಟ್ಟರು. ಎಲ್ಲಿಗೆ ಹೋದರು ಎಂದರೆ, ಪಕ್ಕಕ್ಕೆ. ಯಾರೂ ಏನನ್ನೂ ಎಂದೂ ಎಣಿಸಿರದ, ಎಲ್ಲಕ್ಕೂ ತೊಂಬತ್ತು ಎಂದು ಅಚ್ಚಾದ ಬಣ್ಣದ ಪೊಟ್ಟಣಗಳ ಮುಂದೆ ಹೋಗಿ ಸಾಲಾಗಿ ನಿಂತರು. ಹೊಟ್ಟೆ ಉರಿಯಿತು. ಈಗಲೂ ನೆನೆದರೆ ಉರಿಯುತ್ತದೆ. ಸುಳ್ಳು ಅಂಕಿಯನ್ನು ಒಪ್ಪಿಕೊಂಡವರ ಅಂಗಡಿ ಖಾಲಿ. ಒಪ್ಪಿಕೊಳ್ಳದವನ ಮುಂದೆ ಜಾತ್ರೆ.

ಅಮ್ಮ ಮಾವನ ಮೇಜಿಗೆ ಹೋಗಿ ಮೆಲ್ಲಗೆ ಹೇಳಿದಳು. "ಅಣ್ಣ, ಈರುಳ್ಳಿ ಅದೇ ಚೀಲದ್ದು. ಅರ್ಧ ನನ್ನದು, ಅರ್ಧ ನಿನ್ನದು. ಈರುಳ್ಳಿ ಒಂದು ತೆಗೆದಿಡು."

ಮಾವ ಪೊಟ್ಟಣ ಕೊಡುವುದನ್ನು ನಿಲ್ಲಿಸಲಿಲ್ಲ. "ಯಾರು ಹೇಳಿದ್ದು ತಂಗ್ಯಮ್ಮ? ನಿನ್ನ ಮಗಳು ತಾನೆ? ಅವಳೇ ಸುಳ್ಳು ಹೇಳಿದೆ ಅಂತಾಳೆ. ಅವಳ ಮಾತು ಕೇಳಿ ನಾನು ಈರುಳ್ಳಿ ತೆಗೆದಿಡ್ಲಾ?" ಅಂದ. ಹಾಗೆ ಹೇಳುವಾಗ ಅವನ ಕಣ್ಣು ಅಮ್ಮನನ್ನು ತಪ್ಪಿಸಿತು. ಅವನಿಗೆ ಗೊತ್ತಿತ್ತು; ನಷ್ಟ ಮಾಡಿಕೊಳ್ಳಲು ಯಾರೂ ಸುಳ್ಳು ಹೇಳುವುದಿಲ್ಲವಲ್ಲ. ನಾನು ಸುಳ್ಳು ಹೇಳಿದ್ದು ಯಾವಾಗ, ನಿಜ ಹೇಳಿದ್ದು ಯಾವಾಗ ಎಂದು ಆ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ.

ಸಸಿ ತಾತ ಕೂಡ ಆ ಸಾಲಿನಲ್ಲಿ ನಿಂತಿದ್ದರು. ನಾನು ಹೋಗಿ ಅವರ ಅಂಗಿಯ ತೋಳು ಹಿಡಿದೆ.

"ತಾತ, ಅದೂ ಅದೇ ಬೀಜ. ತಗೋಬೇಡಿ. ನಿಮ್ಮ ಮಡಿ ಬೋಳಾಗುತ್ತೆ."

ತಾತ ನನ್ನತ್ತ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿ. "ಬೆಳಿಗ್ಗೆ ಎಂಬತ್ತೆರಡು ಅಂತ ನೀನೇ ಬರೆದಿದ್ದೆ ಪುಟ್ಟಿ, ನಂಬಿದೆ. ಆಮೇಲೆ ಮೂವತ್ತನಾಲ್ಕು ಅಂದೆ. ಈಗ ಇನ್ನೊಬ್ರ ಬೀಜಾನೂ ಕೆಟ್ಟದು ಅಂತೀಯ. ನಾನು ಯಾವುದನ್ನ ನಂಬ್ಲಿ, ಹೇಳು? ನನಗೆ ನಾಳೆ ಬಿತ್ತಲೇಬೇಕು," ಅಂದರು.

ಬಚ್ಚಲಿನಲ್ಲಿ ಹರಡಿದ್ದ ಆ ಬಟ್ಟೆಯನ್ನಾದರೂ ತಂದಿದ್ದರೆ ತೋರಿಸಬಹುದಿತ್ತು. ಅಪ್ಪನಿಗೆ ಕಾಣಬಾರದೆಂದು ಎಲ್ಲವನ್ನೂ ನೀರು ಸುರಿದು ಮೋರಿಗೆ ತೊಳೆದುಬಿಟ್ಟಿದ್ದೆ. ತಾತ ಬಣ್ಣದ ಪೊಟ್ಟಣಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಹನ್ನೆರಡು ದಿನ ಕಳೆದ ಮೇಲೆ ತಡೆಯಲಾರದೆ ಅವರ ಮಡಿಗಳನ್ನು ನೋಡಲು ಹೋದೆ. ಆರೂ ಮಡಿಗಳನ್ನು ಚೊಕ್ಕವಾಗಿ ಕಟ್ಟಿದ್ದರು, ಮಣ್ಣು ಜರಡಿ ಹಿಡಿದಷ್ಟು ನುಣುಪು. ಅಲ್ಲೊಂದು ಇಲ್ಲೊಂದು ಹಸಿರು ಎಳೆ, ನಡುವೆ ಬರೀ ಮಣ್ಣು. ತಾತ ಬದುವಿನ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ನೀರು ಚಿಮುಕಿಸುವ ಡಬ್ಬಿ ಖಾಲಿಯಾಗಿ ಬಿದ್ದಿತ್ತು.

"ಮತ್ತೆ ಬಿತ್ತಬಹುದಲ್ಲ ತಾತ," ಅಂದೆ.

"ಕಾಲ ಎಲ್ಲಿದೆ? ಈ ಸಲ ಪಕ್ಕದವರ ತೋಟಕ್ಕೆ ನೀರು ಹೊರೋಕೆ ಹೋಗ್ತೀನಿ," ಅಂದರು. ಆಮೇಲೆ ನನ್ನತ್ತ ನೋಡದೆ ಹೇಳಿದರು. "ನಿಮ್ಮಮ್ಮ ಮನೇಲಿ ಕೇಳಿದಾಗಲೇ, ಬಟ್ಟೆ ಒಣಗಿಹೋಯ್ತು ಅಂತ ನೀನು ಹೇಳಿದ್ದಿದ್ರೆ ಚೀಟಿ ಬರೋದೇ ತಡ ಆಗ್ತಿತ್ತು. ನಾನೂ ಕಾಯ್ತಿದ್ದೆ. ಆಮೇಲೆ ಮೂವತ್ತನಾಲ್ಕು ಅಂದ್ರೆ ಮೂವತ್ತನಾಲ್ಕು ಅಂತ ನಂಬ್ತಿದ್ದೆ ಕಣಮ್ಮ."

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ಅಳುವಿನಿಂದ ಒಂದು ಸಸಿಯೂ ಏಳುವುದಿಲ್ಲ ಎಂದು ಗೊತ್ತಿದ್ದೇ ಅತ್ತೆ.

ಅಷ್ಟರಲ್ಲಿ ಅಮ್ಮ ಒಂದು ಕನ್ನಡಕ ಮಾಡಿಸಿಕೊಂಡಿದ್ದಳು. ಮಾರುಕಟ್ಟೆಯಿಂದ ಬಂದ ಮರುದಿನವೇ ಹನ್ನೊಂದು ಡಬ್ಬಿಯ ಬೀಜಗಳನ್ನೂ ತಾನೇ ಮೇಲೆ, ನಡುವೆ, ತಳದಿಂದ ತೆಗೆದು, ಹನ್ನೊಂದು ಬಟ್ಟೆ ಹಾಸಿ, ಸುತ್ತಿ ನಿಲ್ಲಿಸಿದ್ದಳು. ನಾನು ನೀರು ಚಿಮುಕಿಸಲು ಹೋದರೆ, "ಬೇಡ, ಇರಲಿ," ಅನ್ನುತ್ತಿದ್ದಳು. ಗದರಿಸಿ ಅಲ್ಲ, ಮನೆಗೆ ಬಂದವರು ತಟ್ಟೆ ತೊಳೆಯಲು ಎದ್ದರೆ ಹೇಳುತ್ತೇವಲ್ಲ, ಹಾಗೆ. ಬೇರೆ ಎಲ್ಲ ವಿಷಯಕ್ಕೂ ಅಮ್ಮ ಮೊದಲಿನಂತೆಯೇ ಇದ್ದಳು. ಊಟಕ್ಕೆ ಕರೆದಳು, ತಲೆ ಬಾಚಿದಳು, ಓದು ಅಂದಳು. ಅಪ್ಪನಿಗೂ ಒಂದು ಮಾತು ಹೇಳಿರಲಿಲ್ಲ.

ಬೇಗ ಮೊಳೆಯುವವು ಒಂದೊಂದಾಗಿ ಬಂದವು, ನಿಧಾನದವು ಆಮೇಲೆ ಬಂದವು. ಅಮ್ಮ ಕಿಟಕಿಯ ಹತ್ತಿರ ಕೂತು, ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದನ್ನೇ ಸರಿಸಿ ಎಣಿಸುತ್ತಿದ್ದಳು. ನಾನು ಪುಸ್ತಕ ಹಿಡಿದು ಓದಿದಂತೆ ನಟಿಸುತ್ತಾ ಕಿವಿ ಅಲ್ಲೇ ಇಟ್ಟಿದ್ದೆ. ಕೊನೆಯ ಬಟ್ಟೆಯನ್ನೂ ಎಣಿಸಿ ಮುಗಿಸಿದ ದಿನ ನನ್ನನ್ನು ಕರೆದಳು.

"ಎಲೆಕೋಸು ನೀನು ಎಂಬತ್ತೊಂದು ಬರೆದಿದ್ದೆ. ನನಗೆ ಎಂಬತ್ತು ಬಂತು. ಮೂಲಂಗಿ ಇಬ್ಬರದ್ದೂ ಒಂದೇ. ಕ್ಯಾರೆಟ್ಟಿಗೆ ಎರಡು ವ್ಯತ್ಯಾಸ, ಅಷ್ಟು ಇದ್ದೇ ಇರುತ್ತೆ. ಹನ್ನೊಂದೂ ಸರಿಯಾಗಿತ್ತು ಪುಟ್ಟಿ," ಅಂದಳು.

ನನಗೆ ಎದೆ ಹಗುರಾಯಿತು. ಹಾಗಾದರೆ ಮುಗಿಯಿತು, ಇನ್ನು ಎಲ್ಲ ಮೊದಲಿನಂತೆ ಎಂದುಕೊಂಡೆ. ಅವಳ ಮುಂದಿದ್ದ ಹೊಸ ಚೀಟಿಗಳ ಕಡೆ, ಪೆನ್ನಿನ ಕಡೆ ಕೈ ಚಾಚಿದೆ.

ಅಮ್ಮ ಪೆನ್ನನ್ನು ಎತ್ತಿಕೊಂಡಳು. ನನ್ನ ಕೈ ಮುಟ್ಟದಂತೆ, ಮೆಲ್ಲಗೆ.

"ಗೊತ್ತು. ಆದ್ರೂ ಇನ್ಮೇಲೆ ನಾನೇ ಎಣಿಸ್ತೀನಿ," ಅಂದಳು.

ಈಗ ನನಗೆ ಹದಿನಾರು. ಅಮ್ಮ ಈಗಲೂ ತಾನೇ ಎಣಿಸುತ್ತಾಳೆ.